ಸಂಜೆಯಾದರೆ ಅಕ್ಷರ ಮಸುಕು, ಕಣ್ಣಲ್ಲಿ ಉರಿ: ಕಂಪ್ಯೂಟರ್ ಕೆಲಸದವರ ಕಣ್ಣಾಯಾಸ ಮತ್ತು 20-20-20 ಲೆಕ್ಕ



ಕಳೆದ ಕೆಲವು ವಾರಗಳಲ್ಲಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಬೆಳಿಗ್ಗೆ ಕಣ್ಣು ಚೆನ್ನಾಗಿಯೇ ಇರುತ್ತದೆ, ಮಧ್ಯಾಹ್ನ ಊಟದ ನಂತರ ಸ್ವಲ್ಪ ಭಾರ, ಸಂಜೆ ಐದು ಗಂಟೆಯ ಹೊತ್ತಿಗೆ ಉರಿ, ಹಣೆನೋವು. ಸ್ಕ್ರೀನ್ ಮೇಲಿನ ಅಕ್ಷರ ಮಸುಕಾಗಿ, ಎರಡು ಸಲ ರೆಪ್ಪೆ ಬಡಿದರೆ ಸರಿಯಾಗಿ, ಮತ್ತೆ ಮಸುಕಾಗುತ್ತದೆ. ಭಾನುವಾರ ಇದೇನೂ ಇರುವುದಿಲ್ಲ. "ಕಂಪ್ಯೂಟರಿನ ಕಿರಣದಿಂದ ಕಣ್ಣು ಹಾಳಾಗುತ್ತಿದೆಯೇ?" ಎಂದು ಪುಣೆಯಿಂದ, ಹೈದರಾಬಾದಿನಿಂದ, ದೆಹಲಿಯಿಂದ ಎಲ್ಲರೂ ಕೇಳಿದ್ದಾರೆ.

ಕಿರಣದಿಂದಲ್ಲ. ಕಂಪ್ಯೂಟರ್ ಸ್ಕ್ರೀನಿನಿಂದ ಬರುವ ಬೆಳಕು ದೊಡ್ಡವರ ಕಣ್ಣಿನ ಪರದೆಗೆ ಹಾನಿ ಮಾಡುವಷ್ಟು ಬಲವಾದದ್ದಲ್ಲ. ಕಿಟಕಿಯಾಚೆ ಮೋಡ ಮುಸುಕಿದ ದಿನದ ಆಕಾಶ ನೋಡಿದರೂ ಅದಕ್ಕಿಂತ ಹೆಚ್ಚು ಬೆಳಕು ಕಣ್ಣಿಗೆ ಬೀಳುತ್ತದೆ. ತೊಂದರೆ ಇರುವುದು ಸ್ಕ್ರೀನ್ ನೋಡುವಾಗ ನಾವು ಏನು ಮಾಡುತ್ತೇವೆ, ಏನು ಮಾಡುವುದನ್ನು ಮರೆಯುತ್ತೇವೆ ಎನ್ನುವುದರಲ್ಲಿ. ಇದು ಅರ್ಥವಾದರೆ 20-20-20 ಎಂಬ ನಿಯಮದಲ್ಲಿ ಎಷ್ಟು ಪ್ರಯೋಜನವಿದೆ, ಎಲ್ಲಿ ಅದು ಸಾಲದು ಎಂಬುದೂ ಅರ್ಥವಾಗುತ್ತದೆ.

*ಮರೆತುಹೋಗುವ ರೆಪ್ಪೆ*

ಸುಮ್ಮನೆ ಕುಳಿತು ಮಾತಾಡುವಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಮಿಟುಕಿಸುತ್ತೇವೆ. ಅಂದರೆ 4 ಸೆಕೆಂಡಿಗೊಮ್ಮೆ. ಮನಸ್ಸಿಟ್ಟು ಸ್ಕ್ರೀನ್ ನೋಡುವಾಗ ಇದು 5ರಿಂದ 7ಕ್ಕೆ ಇಳಿಯುತ್ತದೆ. ಇಳಿಯುತ್ತಿರುವುದು ನಮಗೆ ಗೊತ್ತೇ ಆಗುವುದಿಲ್ಲ.

ಪ್ರತಿ ಮಿಟುಕಿನಲ್ಲೂ ಕಣ್ಣಿನ ಮುಂಭಾಗದ ಮೇಲೆ ಕಣ್ಣೀರಿನ ತೆಳುವಾದ ಪದರವೊಂದು ಹೊಸದಾಗಿ ಹರಡಿಕೊಳ್ಳುತ್ತದೆ. ಈ ಪದರದ ಮೇಲ್ಭಾಗದಲ್ಲಿ ಎಣ್ಣೆಯಂಥ ಜಿಡ್ಡು ಇರುತ್ತದೆ. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆ ಹೇಗೋ ಹಾಗೆ. ಕೆಳಗಿನ ನೀರು ಬೇಗ ಆವಿಯಾಗದಂತೆ ತಡೆಯುವುದು ಅದೇ. ಈ ಜಿಡ್ಡು ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳಿಂದ. ಮೇಲಿನ ರೆಪ್ಪೆ ಕೆಳಗಿನದನ್ನು ಪೂರ್ತಿ ಮುಟ್ಟಿ ಒತ್ತಿದಾಗಲೇ ಅದು ಸರಿಯಾಗಿ ಹೊರಬಂದು ಹರಡುತ್ತದೆ. ಸ್ಕ್ರೀನ್ ನೋಡುವಾಗ ಮಿಟುಕು ಕಡಿಮೆಯಾಗುವುದು ಮಾತ್ರವಲ್ಲ, ಆಗುವ ಮಿಟುಕೂ ಅರ್ಧಕ್ಕೇ ನಿಲ್ಲುತ್ತದೆ. ಕಣ್ಣಿನ ಕೆಳಭಾಗ ಒರೆಸದೆಯೇ ಉಳಿಯುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಆರೋಗ್ಯವಾದ ಕಣ್ಣಿನಲ್ಲಿ ಈ ಪದರ ಒಡೆಯದೆ ಸುಮಾರು 10 ಸೆಕೆಂಡಾದರೂ ನಿಲ್ಲಬೇಕು. ಒಬ್ಬರ ಕಣ್ಣಲ್ಲಿ ಅದು 5 ಸೆಕೆಂಡಿಗೇ ಒಡೆಯುತ್ತದೆ ಎಂದುಕೊಳ್ಳಿ. ಅವರು 4 ಸೆಕೆಂಡಿಗೊಮ್ಮೆ ಮಿಟುಕಿಸುವವರೆಗೆ ತೊಂದರೆ ಇಲ್ಲ, ಒಡೆಯುವ ಮೊದಲೇ ಹೊಸ ಪದರ ಬರುತ್ತದೆ. ಅವರೇ ಸ್ಕ್ರೀನ್ ಮುಂದೆ ನಿಮಿಷಕ್ಕೆ 5 ಸಲ, ಅಂದರೆ 12 ಸೆಕೆಂಡಿಗೊಮ್ಮೆ ಮಿಟುಕಿಸಿದರೆ? ಪ್ರತಿ ಸಲವೂ 7 ಸೆಕೆಂಡು ಕಣ್ಣಿನ ಮೇಲ್ಮೈ ಒಣಗಿಯೇ ಇರುತ್ತದೆ. ಎಂಟು ಗಂಟೆ ಹೀಗೇ ನಡೆದರೆ ಸಂಜೆ ಉರಿಯದೆ ಇನ್ನೇನಾದೀತು? ಪದರ ಒಡೆದಾಗ ಅಕ್ಷರ ಮಸುಕು, ಮಿಟುಕಿಸಿದಾಗ ಸ್ಪಷ್ಟ. ಮೇಲೆ ಹೇಳಿದ ಲಕ್ಷಣಕ್ಕೆ ಕಾರಣ ಇದೇ.

"ನನಗೆ ಕಣ್ಣು ಒಣಗುವುದಿಲ್ಲ, ಬದಲಿಗೆ ನೀರು ಸುರಿಯುತ್ತದೆ" ಎನ್ನುವವರಿದ್ದಾರೆ. ಅದೂ ಒಣಗಿದ ಕಣ್ಣೇ ಆಗಿರಬಹುದು. ಮೇಲ್ಮೈ ಒಣಗಿ ಚುಚ್ಚತೊಡಗಿದಾಗ ಕಣ್ಣು ಗಾಬರಿಯಾಗಿ ಒಮ್ಮೆಲೇ ನೀರು ಬಿಡುತ್ತದೆ. ಈರುಳ್ಳಿ ಹೆಚ್ಚುವಾಗ ಬರುವಂಥ ನೀರು ಅದು. ಅದರಲ್ಲಿ ಜಿಡ್ಡು ಕಡಿಮೆ, ಕೆನ್ನೆಗೆ ಇಳಿದು ಹೋಗುತ್ತದೆ, ಕಣ್ಣಿಗೆ ಪ್ರಯೋಜನವಿಲ್ಲ.

ಮುಂಬೈ, ಚೆನ್ನೈಯವರು "ನಮ್ಮ ಊರಿನ ಹವೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕಣ್ಣು ಹೇಗೆ ಒಣಗುತ್ತದೆ" ಎಂದು ಕೇಳುತ್ತಾರೆ. ಹೊರಗಿನ ಹವೆ ಹೇಗಿದ್ದರೂ ಎ.ಸಿ. ಆಫೀಸಿನೊಳಗೆ ಗಾಳಿಯ ತೇವವನ್ನು ಯಂತ್ರ ಹಿಂಡಿ ತೆಗೆದಿರುತ್ತದೆ. ಎ.ಸಿ. ಯಂತ್ರದಿಂದ ಪೈಪಿನಲ್ಲಿ ಹೊರಗೆ ತೊಟ್ಟಿಕ್ಕುವ ನೀರು ಆ ತೇವವೇ. ದೆಹಲಿಯವರಿಗೆ ಚಳಿಗಾಲದ ರೂಮ್ ಹೀಟರಿನಿಂದಲೂ ಕಣ್ಣು ಬೇಗ ಒಣಗುತ್ತದೆ.

*ಬಿಡುವಿಲ್ಲದ ಸ್ನಾಯು*

ಎರಡನೆಯ ಕಾರಣ ಕಣ್ಣಿನ ಒಳಗಿದೆ. ದೂರದ್ದನ್ನು ನೋಡುವಾಗ ಕಣ್ಣೊಳಗಿನ ಲೆನ್ಸಿನ ಸುತ್ತಲಿನ ಸ್ನಾಯು ಸಡಿಲವಾಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಅದು ಬಿಗಿಯಾಗಿ ಲೆನ್ಸನ್ನು ಉಬ್ಬಿಸಬೇಕು. ಎಷ್ಟು ಬಿಗಿಯಾಗಬೇಕು ಎಂಬುದನ್ನು ಕನ್ನಡಕದ ನಂಬರ್ ಅಳೆಯುವ ಅದೇ ಅಳತೆಯಲ್ಲಿ ಹೇಳಬಹುದು. 1ನ್ನು ದೂರದಿಂದ ಭಾಗಿಸಿ, ದೂರ ಮೀಟರಿನಲ್ಲಿರಲಿ. ಸ್ಕ್ರೀನ್ ಅರ್ಧ ಮೀಟರ್ ದೂರದಲ್ಲಿದ್ದರೆ 2. ಮೊಬೈಲ್ ಕಾಲು ಮೀಟರ್ ದೂರದಲ್ಲಿದ್ದರೆ 4, ಅಂದರೆ ಎರಡರಷ್ಟು ದುಡಿಮೆ. 6 ಮೀಟರ್ ಆಚೆಗಿನ ವಸ್ತುವಿಗೆ ಸುಮಾರು 0.17, ಅಂದರೆ ಹೆಚ್ಚುಕಡಿಮೆ ವಿಶ್ರಾಂತಿ.

ಇದರ ಜೊತೆಗೆ ಹತ್ತಿರ ನೋಡುವಾಗ ಎರಡೂ ಕಣ್ಣುಗಳನ್ನು ಮೂಗಿನ ಕಡೆ ಎಳೆದು ಹಿಡಿಯುವ ಸ್ನಾಯುಗಳೂ ದುಡಿಯುತ್ತವೆ. ಬಕೆಟ್ ಭಾರವಲ್ಲದಿದ್ದರೂ ಒಂದೇ ಕೈಯಲ್ಲಿ ಗಂಟೆಗಟ್ಟಲೆ ಹಿಡಿದು ನಿಂತರೆ ತೋಳು ನೋಯುತ್ತದಲ್ಲ, ಇದು ಅದೇ ತರಹ. ಕೆಲಸ ಮುಗಿಸಿ ಹೊರಬಂದ ಕೂಡಲೇ ಬಸ್ಸಿನ ಬೋರ್ಡು ಒಂದೆರಡು ಕ್ಷಣ ಮಸುಕಾಗಿ ಕಂಡರೆ ಆ ಸ್ನಾಯು ಇನ್ನೂ ಪೂರ್ತಿ ಸಡಿಲವಾಗಿಲ್ಲ ಎಂದರ್ಥ.

*20-20-20: ಮೂರು ಇಪ್ಪತ್ತುಗಳೂ ಒಂದೇ ತೂಕದವಲ್ಲ*

20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಬೇಕು. ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ದೃಷ್ಟಿ ತಜ್ಞ ಜೆಫ್ರಿ ಆನ್ಷೆಲ್. ನೆನಪಿಟ್ಟುಕೊಳ್ಳಲು ಸುಲಭವಾಗಲಿ ಎಂದು ಮಾಡಿದ ಸೂತ್ರವಿದು. 19 ನಿಮಿಷವಾದರೆ ಸರಿ, 21 ಆದರೆ ತಪ್ಪು ಎಂದೇನಿಲ್ಲ.

ಮೊದಲು 20 ಅಡಿ. ಅದು ಸುಮಾರು 6 ಮೀಟರ್. ಕಣ್ಣಿನ ಪರೀಕ್ಷೆಯ ಅಕ್ಷರದ ಚಾರ್ಟನ್ನು ಇಡುವ ದೂರವೂ ಇದೇ, ಏಕೆಂದರೆ ಅಲ್ಲಿಂದಾಚೆಗೆ ಕಣ್ಣಿನ ಸ್ನಾಯುವಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಆದರೆ ನಮ್ಮ ಮನೆಗಳಲ್ಲಿ 20 ಅಡಿ ಎಲ್ಲಿಂದ ತರುವುದು? ಮುಂಬೈಯ ಒನ್ ಬಿ.ಎಚ್.ಕೆ.ಯಲ್ಲಿ ಬೆಡ್‌ರೂಮ್ ಹತ್ತು ಹನ್ನೊಂದು ಅಡಿ ಇದ್ದರೆ ಹೆಚ್ಚು. ಕಿಟಕಿ ಇದ್ದರೆ ಎದುರಿನ ಕಟ್ಟಡ ನೋಡಿ, ಅದು ಸಾಕು. ಕಿಟಕಿ ಇಲ್ಲದಿದ್ದರೆ ಎದುರು ಗೋಡೆಗೆ ಒಂದು ಕನ್ನಡಿ ಹಾಕಿ, ಅದರೊಳಗೆ ನಿಮ್ಮ ಹಿಂದಿನ ಗೋಡೆಯನ್ನು ನೋಡಿ. ಕನ್ನಡಿಗೆ 10 ಅಡಿ, ಅಲ್ಲಿಂದ ವಾಪಸ್ 10 ಅಡಿ, ಕಣ್ಣಿಗೆ ಅದು 20 ಅಡಿಯೇ. ಚಿಕ್ಕ ಜಾಗದ ಕಣ್ಣಿನ ಕ್ಲಿನಿಕ್ಕುಗಳಲ್ಲಿ ಚಾರ್ಟನ್ನು ಕನ್ನಡಿಯಲ್ಲಿ ತೋರಿಸುವುದು ಇದೇ ಲೆಕ್ಕದ ಮೇಲೆ. ಕನ್ನಡಿಯೂ ಇಲ್ಲವೇ? 10 ಅಡಿ ದೂರದ ಕ್ಯಾಲೆಂಡರ್ ನೋಡಿದರೂ ಸ್ನಾಯುವಿನ ದುಡಿಮೆ 2ರಿಂದ 0.33ಕ್ಕೆ ಇಳಿಯುತ್ತದೆ. ದೂರದ ವಿಷಯದಲ್ಲಿ ಟೇಪು ಹಿಡಿದು ಅಳೆಯುವ ಅಗತ್ಯವಿಲ್ಲ.

ಆದರೆ ಒಂದು ಮಾತ್ರ ಮಾಡಬಾರದು. ಬಿಡುವಿನಲ್ಲಿ ಮೊಬೈಲ್ ತೆಗೆಯಬಾರದು. ಅರ್ಧ ಮೀಟರಿನ ಸ್ಕ್ರೀನ್ ಬಿಟ್ಟು ಕಾಲು ಮೀಟರಿನ ಸ್ಕ್ರೀನ್ ನೋಡಿದರೆ ಸ್ನಾಯುವಿಗೆ ಸಿಕ್ಕಿದ್ದು ಬಿಡುವಲ್ಲ, ಓವರ್‌ಟೈಮ್. ನೀವು ಈ ಲೇಖನವನ್ನು ಓದುತ್ತಿರುವುದೂ ಮೊಬೈಲಿನಲ್ಲೇ ಎಂದು ನನಗೆ ಗೊತ್ತು. ಉಳಿದದ್ದನ್ನು ಓದುವ ಮೊದಲು ಒಮ್ಮೆ ಕಿಟಕಿಯಾಚೆ ನೋಡಿ ಬನ್ನಿ.

ಇನ್ನು 20 ಸೆಕೆಂಡು. ಇದರ ಬಗ್ಗೆ 2023ರಲ್ಲಿ ಎರಡು ಅಧ್ಯಯನಗಳು ಬಂದವು, ಫಲಿತಾಂಶ ಬೇರೆ ಬೇರೆ. ಒಂದರಲ್ಲಿ 40 ನಿಮಿಷ ಟ್ಯಾಬ್ಲೆಟ್ಟಿನಲ್ಲಿ ಓದುವಾಗ ನಡುನಡುವೆ 20 ಸೆಕೆಂಡಿನ ಬಿಡುವು ಕೊಟ್ಟು ನೋಡಿದರು. ಐದು ನಿಮಿಷಕ್ಕೊಮ್ಮೆ ಬಿಡುವು ಕೊಟ್ಟಾಗಲೂ ನಲವತ್ತಕ್ಕೊಮ್ಮೆ ಕೊಟ್ಟಾಗಲೂ ಆಯಾಸದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದರಲ್ಲಿ ಕಣ್ಣಾಯಾಸ ಇದ್ದವರ ಲ್ಯಾಪ್‌ಟಾಪಿನಲ್ಲಿ ನೆನಪಿಸುವ ಸಾಫ್ಟ್‌ವೇರ್ ಹಾಕಿ ಎರಡು ವಾರ ಇದೇ ನಿಯಮ ಪಾಲಿಸಲು ಹೇಳಿದರು. ಅವರ ಉರಿ, ಆಯಾಸ ಕಡಿಮೆಯಾಯಿತು. ನಿಲ್ಲಿಸಿದ ಒಂದು ವಾರದಲ್ಲಿ ಆ ಲಾಭ ಉಳಿಯಲಿಲ್ಲ.

ಇವೆರಡನ್ನೂ ಸೇರಿಸಿ ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಇದು ಔಷಧಿಯಲ್ಲ, ಹಲ್ಲುಜ್ಜಿದಂತೆ ದಿನವೂ ಮಾಡಿದರೆ ಮಾತ್ರ ಫಲ. ಒಂದು ದಿನ ನಾಲ್ಕು ಸಲ ಮಾಡಿ "ಏನೂ ಆಗಲಿಲ್ಲ" ಎನ್ನುವಂತಿಲ್ಲ. ಮತ್ತು ಆ 20 ಸೆಕೆಂಡಿನಲ್ಲಿ ಸುಮ್ಮನೆ ದೂರ ದಿಟ್ಟಿಸುವುದರ ಜೊತೆಗೆ ಹತ್ತು ಪೂರ್ಣ ಮಿಟುಕು ಹಾಕಿ. ಪೂರ್ಣ ಎಂದರೆ ರೆಪ್ಪೆಗಳು ಮೆಲ್ಲಗೆ ಮುಚ್ಚಿ, ಒಂದು ಕ್ಷಣ ಮುಚ್ಚಿಯೇ ಇದ್ದು, ಮತ್ತೆ ತೆರೆಯಬೇಕು. ಕಣ್ಣು ಕಿವುಚುವುದು ಬೇಡ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರಿಗೆ ಸ್ನಾಯುವಿನ ದಣಿವಿಗಿಂತ ಒಣಗಿದ ಕಣ್ಣೇ ದೊಡ್ಡ ತೊಂದರೆ. ಅವರಿಗೆ ಮೂರು ಇಪ್ಪತ್ತುಗಳಿಗಿಂತ ಈ ಹತ್ತು ಮಿಟುಕು ಮುಖ್ಯ.

ಗಂಟೆಗೊಮ್ಮೆ ಐದು ನಿಮಿಷ ಎದ್ದು ಓಡಾಡಿ ಬನ್ನಿ. ನೀರಿನ ಬಾಟಲಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳದೆ ಸಣ್ಣ ಲೋಟ ಇಟ್ಟುಕೊಂಡರೆ ತಾನಾಗಿಯೇ ಏಳಬೇಕಾಗುತ್ತದೆ. "ಬಾಸ್ ಒಪ್ಪುವುದಿಲ್ಲ" ಎನ್ನುವವರಿಗೆ ಒಂದು ಮಾಹಿತಿ. ಅಮೆರಿಕ ಸರ್ಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಡೇಟಾ ಎಂಟ್ರಿ ಮಾಡುವವರ ಮೇಲೆ ಇದನ್ನು ಪರೀಕ್ಷಿಸಿದೆ. ಮಾಮೂಲಿ ಬಿಡುವಿನ ಜೊತೆ ದಿನದಲ್ಲಿ ನಾಲ್ಕು ಸಲ ಐದೈದು ನಿಮಿಷ ಹೆಚ್ಚು ಬಿಡುವು ಕೊಟ್ಟಾಗ ಕಣ್ಣಿನ ಆಯಾಸ ಮತ್ತು ಮೈಕೈ ನೋವು ಕಡಿಮೆಯಾಯಿತು. ಹೋದ ಇಪ್ಪತ್ತು ನಿಮಿಷದಿಂದ ಒಟ್ಟು ಕೆಲಸವೇನೂ ಕಡಿಮೆಯಾಗಲಿಲ್ಲ.

*ಡೊಂಬಿವಲಿಯ ಅಕ್ಕನ ಮೇಜು*

ಬಿಡುವು ಎಷ್ಟು ತೆಗೆದುಕೊಂಡರೂ ಕೂರುವ ರೀತಿಯೇ ತಪ್ಪಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಹೆಸರು ಬೇಡ. 46 ವರ್ಷ, ಮೂಲ ಉಡುಪಿ ಕಡೆ, ಮನೆ ಡೊಂಬಿವಲಿಯಲ್ಲಿ, ಕೆಲಸ ದಕ್ಷಿಣ ಮುಂಬೈಯ ಒಂದು ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ. "ಡಾಕ್ಟ್ರೇ, ಬೆಳಿಗ್ಗೆ ಎಂತದೂ ಇಲ್ಲ. ಸಂಜೆ ಆಗುವಾಗ ಕಣ್ಣಿಗೆ ಹೊಯಿಗೆ ಬಿದ್ದ ಹಾಗೆ ಆಗ್ತದೆ. ಕುತ್ತಿಗೆ ಅಂತೂ ಕೇಳುವುದೇ ಬೇಡ. ಮೊಬೈಲಲ್ಲಿ ಅಲಾರಂ ಇಟ್ಟು 20-20-20 ಮಾಡ್ತಾ ಇದ್ದೇನೆ, ಆದರೂ ಕಡಿಮೆ ಇಲ್ಲ" ಎಂದರು.

ಕಣ್ಣಿನಲ್ಲಿ ಹಳದಿ ಬಣ್ಣದ ತೊಟ್ಟು ಹಾಕಿ ನೋಡಿದಾಗ ಕಣ್ಣೀರಿನ ಪದರ 5 ಸೆಕೆಂಡಿಗೆ ಒಡೆಯುತ್ತಿತ್ತು. ಮೇಲೆ ಹಾಕಿದ ಲೆಕ್ಕ ಅವರದೇ. ಆದರೆ ಕುತ್ತಿಗೆ ನೋವಿನ ಕಾರಣ ಕ್ಲಿನಿಕ್ಕಿನಲ್ಲಿ ಕಾಣುವುದಿಲ್ಲ. ಆಫೀಸಿನಲ್ಲಿ ಕೆಲಸ ಮಾಡುತ್ತಿರುವಾಗ ಯಾರಿಂದಲಾದರೂ ಪಕ್ಕದಿಂದ ಒಂದು ಫೋಟೋ ತೆಗೆಸಿ, ಕಣ್ಣಿನಿಂದ ಸ್ಕ್ರೀನಿಗೆ ಎಷ್ಟು ದೂರ ಎಂದು ಟೇಪಿನಿಂದ ಅಳೆದು ಕಳಿಸಿ ಎಂದೆ. ಇದನ್ನು ನೀವೂ ಮಾಡಬಹುದು. ಕ್ಯಾಮೆರಾಗೆ ಪೋಸ್ ಕೊಡಬಾರದು ಅಷ್ಟೇ, ಕೆಲಸದ ನಡುವೆ ತೆಗೆದದ್ದಾಗಿರಬೇಕು.

ಫೋಟೋದಲ್ಲಿ ಎಲ್ಲವೂ ಇತ್ತು. ದೂರ 65 ಸೆಂಟಿಮೀಟರ್, ಅದು ಸರಿಯೇ. 50ರಿಂದ 70 ಒಳ್ಳೆಯ ದೂರ, ಕೈ ಚಾಚಿದರೆ ಬೆರಳ ತುದಿ ಸ್ಕ್ರೀನನ್ನು ಮುಟ್ಟುವಷ್ಟು. ಆದರೆ ಮಾನಿಟರನ್ನು ಎರಡು ಝೆರಾಕ್ಸ್ ಪೇಪರ್ ಬಂಡಲಿನ ಮೇಲೆ ಎತ್ತಿ ಇಟ್ಟಿದ್ದರು. ಅದರ ಮೇಲಂಚು ಅವರ ಕಣ್ಣಿಗಿಂತ ನಾಲ್ಕು ಬೆರಳು ಮೇಲಿತ್ತು. "ಸ್ಕ್ರೀನ್ ಎತ್ತರದಲ್ಲಿರಬೇಕು ಅಂತ ವಾಟ್ಸಾಪಲ್ಲಿ ಬಂದಿತ್ತಲ್ಲ" ಎಂದರು. ಅವರು ಹಾಕಿದ್ದು ಪ್ರೋಗ್ರೆಸ್ಸಿವ್ ಕನ್ನಡಕ. ತೊಂದರೆಯ ಬೇರು ಇಲ್ಲಿದೆ.

ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಲೆನ್ಸ್ ಗಡುಸಾಗುತ್ತದೆ, ಹತ್ತಿರದ್ದಕ್ಕೆ ಉಬ್ಬಲಾರದು. ಅದಕ್ಕೇ ಚಾಳೀಸು ಬರುವುದು. ಪ್ರೋಗ್ರೆಸ್ಸಿವ್ ಗಾಜಿನಲ್ಲಿ ಮೇಲಿನ ಭಾಗ ದೂರಕ್ಕೆ, ಕೆಳಗಿನ ಭಾಗ ಓದಲು. ನಡುವೆ ಕಂಪ್ಯೂಟರ್ ದೂರಕ್ಕೆ ಹೊಂದುವ ಪಟ್ಟಿ ಕಿರಿದಾದ ಓಣಿಯಷ್ಟೇ. ಎತ್ತರದ ಸ್ಕ್ರೀನನ್ನು ನೇರ ನೋಡಿದರೆ ದೂರದ ಭಾಗದಿಂದ ನೋಡಿದಂತಾಗುತ್ತದೆ, ಮಸುಕು. ಸ್ಪಷ್ಟವಾಗಲು ಗಲ್ಲ ಮೇಲೆತ್ತಿ ಗಾಜಿನ ಕೆಳಭಾಗದಿಂದ ನೋಡಬೇಕು. ದಿನವಿಡೀ ಹೀಗೆ ತಲೆ ಹಿಂದಕ್ಕೆ ವಾಲಿಸಿ ಕುಳಿತರೆ ಕುತ್ತಿಗೆ ನೋಯದೆ ಇರುತ್ತದೆಯೇ? ಅದರ ಮೇಲೆ ಎತ್ತರದ ಸ್ಕ್ರೀನ್ ನೋಡುವಾಗ ಕಣ್ಣು ಹೆಚ್ಚು ಅಗಲವಾಗಿ ತೆರೆದಿರುತ್ತದೆ, ಹೆಚ್ಚು ಜಾಗ ಗಾಳಿಗೆ ಒಡ್ಡಿಕೊಂಡು ಬೇಗ ಒಣಗುತ್ತದೆ. ತಲೆಯ ಮೇಲೆಯೇ ಎ.ಸಿ. ಗಾಳಿಯ ಕಿಂಡಿಯೂ ಇತ್ತು.

ಮೊದಲು ಪೇಪರ್ ಬಂಡಲ್ ತೆಗೆಸಿದೆವು. ಸಾಮಾನ್ಯವಾಗಿ ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿರಬೇಕು. ಸ್ಕ್ರೀನಿನ ನಡುಭಾಗ ಕಣ್ಣಿಗಿಂತ ಒಂದು ಗೇಣು, ಸುಮಾರು 16ರಿಂದ 22 ಸೆಂಟಿಮೀಟರ್ ಕೆಳಗೆ ಬರಬೇಕು. ಪ್ರೋಗ್ರೆಸ್ಸಿವ್ ಹಾಕುವವರಿಗೆ ಇನ್ನೂ ಸ್ವಲ್ಪ ತಗ್ಗಿದರೆ ಒಳ್ಳೆಯದು, ಮೇಲಂಚನ್ನು ತುಸು ಹಿಂದಕ್ಕೆ ಓರೆ ಮಾಡಬೇಕು. ಎತ್ತರದ ಬಗ್ಗೆ ಎಲ್ಲರಿಗೂ ಒಂದೇ ಸಲಹೆ ಕೊಡುವ ಫಾರ್ವರ್ಡುಗಳನ್ನು ನಂಬಬೇಡಿ. ಕನ್ನಡಕ ಯಾವುದು ಎಂದು ಕೇಳದೆ ಎತ್ತರ ಹೇಳಲಾಗದು.

ಎರಡನೆಯದು ಕನ್ನಡಕ. ಎರಡು ವರ್ಷ ಹಳೆಯ ಪ್ರೋಗ್ರೆಸ್ಸಿವ್‌ನಲ್ಲಿ ಓದುವ ಹೆಚ್ಚುವರಿ ನಂಬರ್ +1.25 ಇತ್ತು, ಈಗ +1.75 ಬೇಕಿತ್ತು. ಹೊಸ ಪ್ರೋಗ್ರೆಸ್ಸಿವ್ ಜೊತೆಗೆ ಆಫೀಸಿನ ಡ್ರಾಯರಿನಲ್ಲೇ ಇಡಲು ಬೇರೊಂದು ಸಾದಾ ಕನ್ನಡಕ ಬರೆದುಕೊಟ್ಟೆ. ಅದರಲ್ಲಿ ಅವರ ದೂರದ ನಂಬರಿಗೆ +1.00 ಮಾತ್ರ ಸೇರಿಸಿದ್ದು, ಇಡೀ ಗಾಜು 65 ಸೆಂಟಿಮೀಟರ್ ದೂರಕ್ಕೇ ಹೊಂದುತ್ತದೆ. ಓಣಿ ಹುಡುಕುವ ಕಷ್ಟವಿಲ್ಲ, ಗಲ್ಲ ಎತ್ತಬೇಕಿಲ್ಲ. ಅದನ್ನು ಹಾಕಿ ರಸ್ತೆಯಲ್ಲಿ ನಡೆಯಬಾರದು, ದೂರದ್ದು ಮಸುಕಾಗುತ್ತದೆ. ನೀವು ಕಣ್ಣು ಪರೀಕ್ಷೆಗೆ ಹೋಗುವಾಗ ನಿಮ್ಮ ಸ್ಕ್ರೀನಿನ ದೂರವನ್ನು ಸೆಂಟಿಮೀಟರಿನಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದನ್ನು ಹೇಳದಿದ್ದರೆ ಪುಸ್ತಕ ಓದುವ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ ನಂಬರ್ ಬರೆಯುತ್ತಾರೆ. ನಂಬರ್ ಕಡಿಮೆ ಎಂದು ಕನ್ನಡಕ ಮಾಡಿಸದೆ ಬಿಟ್ಟ ಕಿರಿಯರಿಗೂ ಇದೇ ಮಾತು. ಅರ್ಧ ನಂಬರಿನ ಸಿಲಿಂಡರ್ ಪವರ್ ಬೀದಿಯಲ್ಲಿ ನಡೆಯುವಾಗ ಗೊತ್ತಾಗುವುದಿಲ್ಲ, ಎಂಟು ಗಂಟೆ ಅಂಕಿ ನೋಡುವಾಗ ಗೊತ್ತಾಗುತ್ತದೆ.

ಮೂರನೆಯದು ಅಕ್ಷರದ ಗಾತ್ರ. ಇಡೀ ಶೀಟು ಒಂದೇ ಸಲ ಕಾಣಲಿ ಎಂದು ಎಕ್ಸೆಲ್ಲನ್ನು 70 ಪರ್ಸೆಂಟಿಗೆ ಇಳಿಸಿಟ್ಟಿದ್ದರು. ಇದಕ್ಕೆ ಸುಲಭವಾದ ಪರೀಕ್ಷೆ ಇದೆ. ನೀವು ಕೂರುವ ದೂರದ ಮೂರರಷ್ಟು ಹಿಂದಕ್ಕೆ ಹೋಗಿ ನಿಂತು ನೋಡಿ. 65 ಸೆಂಟಿಮೀಟರ್ ಆದರೆ ಸುಮಾರು ಎರಡು ಮೀಟರ್. ಅಲ್ಲಿಂದಲೂ ಅಕ್ಷರವನ್ನು ಕಷ್ಟಪಟ್ಟಾದರೂ ಓದಲು ಬಂದರೆ ಗಾತ್ರ ಸರಿ. ಬಾರದಿದ್ದರೆ ಚಿಕ್ಕದಾಯಿತು. ಈ ಪರೀಕ್ಷೆ ಒಂದೇ ನಂಬರಿನ ಸಾಮಾನ್ಯ ಕನ್ನಡಕ ಹಾಕುವವರಿಗೆ ಮತ್ತು ಕನ್ನಡಕ ಇಲ್ಲದವರಿಗೆ. ಚಾಳೀಸಿನವರು ಹಿಂದಕ್ಕೆ ಹೋದಾಗ ದೂರದ ಕನ್ನಡಕ ಹಾಕಿಕೊಂಡು ನೋಡಬೇಕು. ಕೀಬೋರ್ಡಿನಲ್ಲಿ `Ctrl` ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಎಕ್ಸೆಲ್ಲಿನಲ್ಲೂ ಬ್ರೌಸರಿನಲ್ಲೂ ಅಕ್ಷರ ದೊಡ್ಡದಾಗುತ್ತದೆ. ಅಕ್ಕನವರು 120ಕ್ಕೆ ಏರಿಸಿದರು.

ಉಳಿದದ್ದು ಬೆಳಕು ಮತ್ತು ಗಾಳಿ. ಅವರ ಬೆನ್ನ ಹಿಂದೆ ಕಿಟಕಿ ಇತ್ತು. ಸ್ಕ್ರೀನನ್ನು ಆಫ್ ಮಾಡಿ ನೋಡಿದರೆ ಕಪ್ಪು ಗಾಜಿನಲ್ಲಿ ಕಿಟಕಿಯೂ ಟ್ಯೂಬ್‌ಲೈಟೂ ಕನ್ನಡಿಯಂತೆ ಕಾಣುತ್ತಿದ್ದವು. ಕೆಲಸ ಮಾಡುವಾಗ ಅವು ಅಕ್ಷರಗಳ ಮೇಲೆಯೇ ಕೂತಿರುತ್ತವೆ, ಗಮನಕ್ಕೆ ಬರುವುದಿಲ್ಲ. ಕಿಟಕಿ ಪಕ್ಕಕ್ಕೆ ಬರುವಂತೆ ಕುಳಿತರೆ ಅತ್ಯುತ್ತಮ. ಬ್ರೈಟ್‌ನೆಸ್ ಎಷ್ಟಿರಬೇಕು ಎಂದು ತಿಳಿಯಲು ಸ್ಕ್ರೀನಿನ ಪಕ್ಕ ಒಂದು ಬಿಳಿ ಹಾಳೆ ಹಿಡಿಯಿರಿ. ಸ್ಕ್ರೀನಿನ ಬಿಳಿ ದೀಪದಂತೆ ಹೊಳೆದರೆ ಹೆಚ್ಚು, ಬೂದಿಯಂತೆ ಕಂಡರೆ ಕಡಿಮೆ. ಎ.ಸಿ. ಕಿಂಡಿಯ ದಿಕ್ಕು ತಿರುಗಿಸಲು ಆಫೀಸಿನವರು ಒಪ್ಪಲಿಲ್ಲ. ಕೊನೆಗೆ ಸದಾ ಸೆಕೆ ಎನ್ನುತ್ತಿದ್ದ ಸಹೋದ್ಯೋಗಿಯೊಬ್ಬರ ಜೊತೆ ಜಾಗ ಬದಲಿಸಿಕೊಂಡರು. ಕಿಟಕಿಯ ಸಮಸ್ಯೆಯೂ ಅದರೊಂದಿಗೇ ತೀರಿತು.

ಕುತ್ತಿಗೆ ನೋವು ಹತ್ತು ದಿನದಲ್ಲಿ ಇಳಿಯಿತು. ಕಣ್ಣಿನ ಉರಿಗೆ ಒಂದೂವರೆ ತಿಂಗಳು ಬೇಕಾಯಿತು. ರಾತ್ರಿ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಐದರಿಂದ ಹತ್ತು ನಿಮಿಷ ಇಟ್ಟುಕೊಳ್ಳುತ್ತಿದ್ದರು. ರೆಪ್ಪೆಯಂಚಿನಲ್ಲಿ ಗಟ್ಟಿಯಾದ ಜಿಡ್ಡು ಅದರಿಂದ ಕರಗುತ್ತದೆ. ಬಟ್ಟೆ ಕೈಗೆ ಹಿತವಾಗುವಷ್ಟು ಬಿಸಿ ಇದ್ದರೆ ಸಾಕು, ಆರಿದಂತೆ ಮತ್ತೆ ಅದ್ದಬೇಕು. ಲೋಕಲ್ ಟ್ರೇನಿನಲ್ಲಿ ಹೋಗಿಬರುವಾಗ ಮೊಬೈಲಿನಲ್ಲಿ ಸೀರಿಯಲ್ ನೋಡುವುದನ್ನು ಬಿಟ್ಟು ಹಾಡು ಕೇಳತೊಡಗಿದರು. ತಿಂಗಳ ಕೊನೆಯಲ್ಲಿ ಲೆಕ್ಕ ಮುಗಿಸುವ ಎರಡು ಮೂರು ದಿನ ಈಗಲೂ ಉರಿ ಇರುತ್ತದೆಯಂತೆ. ಅಷ್ಟು ಇರುತ್ತದೆ.

ಮನೆಯಿಂದ ಕೆಲಸ ಮಾಡುವವರಿಗೆ ಒಂದೇ ಮಾತು. ಲ್ಯಾಪ್‌ಟಾಪಿನಲ್ಲಿ ಸ್ಕ್ರೀನೂ ಕೀಬೋರ್ಡೂ ಅಂಟಿಕೊಂಡಿವೆ. ಸ್ಕ್ರೀನ್ ಸರಿಯಾದ ಎತ್ತರಕ್ಕೆ ಬಂದರೆ ಕೈ ಮೇಲೇಳುತ್ತದೆ, ಕೈ ಸರಿ ಮಾಡಿದರೆ ಕುತ್ತಿಗೆ ಬಗ್ಗುತ್ತದೆ. ದಿನಕ್ಕೆ ಎರಡು ಮೂರು ಗಂಟೆಗಿಂತ ಹೆಚ್ಚು ಕೆಲಸವಿದ್ದರೆ ಬೇರೆ ಕೀಬೋರ್ಡ್ ಮತ್ತು ಮೌಸ್ ಕೊಂಡು, ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲೆ ಇಡಿ. ಹಾಸಿಗೆಯ ಮೇಲೆ ಕುಳಿತು ಮಾಡುವ ಕೆಲಸಕ್ಕೆ ನನ್ನ ಬಳಿ ಯಾವ ಸಲಹೆಯೂ ಇಲ್ಲ.

*ನೀಲಿ ಬೆಳಕಿನ ಕನ್ನಡಕ*

ಅಂಗಡಿಯಲ್ಲಿ "ಬ್ಲೂ ಕಟ್ ಹಾಕಿಸಿ, ಕಣ್ಣಿಗೆ ರಕ್ಷಣೆ" ಎನ್ನುತ್ತಾರೆ. 2023ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಕಂಪ್ಯೂಟರ್ ಕಣ್ಣಾಯಾಸಕ್ಕೆ ಸಾದಾ ಗಾಜಿಗಿಂತ ಇದು ಮೇಲು ಎಂಬುದು ಕಾಣಲಿಲ್ಲ. ಈಗಾಗಲೇ ಹಾಕಿಸಿಕೊಂಡಿದ್ದರೆ ತೊಂದರೆಯಿಲ್ಲ. ಹೊಸದಾಗಿ ಖರ್ಚು ಮಾಡುವುದಾದರೆ ಆ ಹಣದಲ್ಲಿ ಸರಿಯಾದ ದೂರಕ್ಕೆ ನಂಬರ್ ಹಾಕಿಸಿಕೊಳ್ಳಿ.

*ಮೆಡಿಕಲ್ ಶಾಪಿನ ಡ್ರಾಪ್ಸ್ ಬಗ್ಗೆ ಎಚ್ಚರ*

ಇದನ್ನು ಮಾತ್ರ ದಯವಿಟ್ಟು ನಿಧಾನವಾಗಿ ಓದಿ. ಕಣ್ಣು ಕೆಂಪಾಗಿದೆ ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೆಲವೊಮ್ಮೆ ಸ್ಟೆರಾಯ್ಡ್ ಇರುವ ಡ್ರಾಪ್ಸ್ ಕೊಟ್ಟುಬಿಡುತ್ತಾರೆ. ಹಾಕಿದ ಕೂಡಲೇ ಉರಿ ಹೋಗುತ್ತದೆ, ಕಣ್ಣು ಬೆಳ್ಳಗಾಗುತ್ತದೆ, ಆದ್ದರಿಂದ ಜನ ತಿಂಗಳುಗಟ್ಟಲೆ ಹಾಕುತ್ತಾರೆ. ಇದರಿಂದ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತದೆ. ಅದೇ ಗ್ಲಾಕೋಮಾ. ನೋವಿರುವುದಿಲ್ಲ, ಗೊತ್ತಾಗುವ ಹೊತ್ತಿಗೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್, ಲೋಟೆಪ್ರೆಡ್ನಾಲ್ ಎಂಬ ಹೆಸರುಗಳಲ್ಲಿ ಯಾವುದಿದ್ದರೂ ಅದು ಸ್ಟೆರಾಯ್ಡ್. ಕಣ್ಣಿನ ವೈದ್ಯರು ಬರೆದುಕೊಟ್ಟು, ಎಷ್ಟು ದಿನ ಎಂದು ಹೇಳಿದ್ದರೆ ಮಾತ್ರ ಹಾಕಿ. ಹೋದ ವರ್ಷ ಬರೆದುಕೊಟ್ಟ ಚೀಟಿ ತೋರಿಸಿ ಮತ್ತೆ ತರುವುದು ಬೇಡ.

ಒಣಗಿದ ಕಣ್ಣಿಗೆ ಬೇಕಾದದ್ದು ಕೃತಕ ಕಣ್ಣೀರು. ಸಾಮಾನ್ಯವಾಗಿ ಸಿಗುವುದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5 ಪರ್ಸೆಂಟ್. ದಿನಕ್ಕೆ ಮೂರು ನಾಲ್ಕು ಸಲ ಒಂದೊಂದು ಹನಿ. ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ ಪ್ರಿಸರ್ವೇಟಿವ್ ಇಲ್ಲದ ಬಗೆಯನ್ನು ಕೇಳಿ, ಏಕೆಂದರೆ ಕೆಡದಂತೆ ಹಾಕುವ ಆ ರಾಸಾಯನಿಕವೇ ಕಣ್ಣನ್ನು ಕೆರಳಿಸಬಲ್ಲದು. ಬಾಟಲಿ ತೆರೆದ ದಿನವನ್ನು ಅದರ ಮೇಲೆ ಬರೆದಿಟ್ಟು, ಲೇಬಲ್ಲಿನಲ್ಲಿ ಹೇಳಿದ ಅವಧಿ ಮುಗಿದ ಮೇಲೆ ಎಸೆಯಿರಿ. ಜೇನು, ಹರಳೆಣ್ಣೆ, ಎದೆಹಾಲು, ಗುಲಾಬಿ ನೀರು, ನಿಂಬೆರಸ ಇವನ್ನು ಕಣ್ಣಿಗೆ ಬಿಡಬೇಡಿ. ಅಜ್ಜಿಯ ಕಾಲದಲ್ಲಿ ಬಿಡುತ್ತಿದ್ದರು ನಿಜ. ಅಡುಗೆಮನೆಯ ವಸ್ತುಗಳಲ್ಲಿರುವ ಕ್ರಿಮಿಗಳು ಕಣ್ಣಿನ ಕಪ್ಪುಗುಡ್ಡೆಯಲ್ಲಿ ಹುಣ್ಣು ಮಾಡಿದರೆ ಬಿಳಿ ಕಲೆ ಉಳಿದುಬಿಡುತ್ತದೆ.

*ಕಂಪ್ಯೂಟರಿನದಲ್ಲದ ತೊಂದರೆ*

ಕಂಪ್ಯೂಟರ್ ಕಣ್ಣಾಯಾಸಕ್ಕೆ ಒಂದು ಗುರುತಿದೆ. ಅದು ಕೆಲಸದ ಜೊತೆ ಏರುತ್ತದೆ, ನಿದ್ದೆ ಮತ್ತು ರಜೆಯ ಜೊತೆ ಇಳಿಯುತ್ತದೆ, ಹೆಚ್ಚಾಗಿ ಎರಡೂ ಕಣ್ಣಲ್ಲಿರುತ್ತದೆ. ಹೀಗಿಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದರಲ್ಲಿ ಮಾತ್ರ ಮಸುಕಿದ್ದು, ಮಿಟುಕಿಸಿದರೂ ಹೋಗದಿದ್ದರೆ ಪರೀಕ್ಷೆ ಮಾಡಿಸಿ. ಹೊಸ ಕನ್ನಡಕ ಮಾಡಿಸಿ ಎರಡು ಮೂರು ವಾರಕ್ಕೇ ನಂಬರ್ ಹೊಂದುತ್ತಿಲ್ಲ ಎನಿಸಿದರೆ ಸಕ್ಕರೆ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಸಕ್ಕರೆ ಏರಿಳಿದರೆ ಕಣ್ಣಿನ ನಂಬರೂ ಏರಿಳಿಯುತ್ತದೆ, ಎಷ್ಟೋ ಜನರಿಗೆ ಮಧುಮೇಹ ಮೊದಲು ಗೊತ್ತಾದದ್ದು ಕನ್ನಡಕದ ಅಂಗಡಿಯಲ್ಲಿ. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು, ಕನ್ನಡಕದ ಅಂಗಡಿಯ ನಂಬರ್ ಪರೀಕ್ಷೆಗೆ ನಿಲ್ಲದೆ ಕಣ್ಣಿನ ಒತ್ತಡ ಮತ್ತು ಒಳಗಿನ ನರವನ್ನೂ ವೈದ್ಯರಿಂದ ನೋಡಿಸಿಕೊಳ್ಳಬೇಕು.

ಕಣ್ಣಿನ ಮುಂದೆ ಒಮ್ಮೆಲೇ ಕಪ್ಪು ಚುಕ್ಕೆಗಳು ಸುರಿದಂತೆ ಅಥವಾ ಮಿಂಚಿದಂತೆ ಕಂಡರೆ, ಒಂದು ಬದಿಯಲ್ಲಿ ಪರದೆ ಇಳಿದಂತಾದರೆ, ಇದ್ದಕ್ಕಿದ್ದಂತೆ ಒಂದು ವಸ್ತು ಎರಡಾಗಿ ಕಂಡರೆ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಾಣುತ್ತ ಕಣ್ಣು ವಿಪರೀತ ನೋಯುತ್ತಿದ್ದರೆ, ಸ್ಕ್ರೀನ್ ಬಂದ್ ಮಾಡಿ ವಿಶ್ರಾಂತಿ ತೆಗೆದುಕೊಂಡು ನೋಡೋಣ ಎಂದು ಕಾಯಬೇಡಿ. ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಿ.